ಸೌಂಡ್‌ಬಾರ್ ಆಮೇಲೆ, ಮೊದಲು ಸೆಟ್ಟಿಂಗ್ಸ್ ತೆಗೀರಿ

ಟಿವಿಯಲ್ಲಿ ಮಾತು ಸರಿಯಾಗಿ ಕೇಳಿಸ್ತಿಲ್ಲ ಅಂತ ಯಾವುದಾದ್ರೂ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಹೇಳಿ ನೋಡಿ. "ತೆಳ್ಳಗಿರೋ ಟಿವಿ ಅಲ್ವಾ ಸಾರ್, ಅದ್ರಲ್ಲಿ ಇರೋದೇ ಅಷ್ಟು. ಒಂದು ಸೌಂಡ್‌ಬಾರ್ ಹಾಕ್ಕೊಂಡ್ಬಿಡಿ" ಅನ್ನೋ ಉತ್ತರ ರೆಡಿ ಇರುತ್ತೆ. ನೀವು ಏನು ನೋಡ್ತೀರಿ, ವಾರ್ತೆಯಲ್ಲೂ ಹಿಂಗೇನಾ ಅಥವಾ ಸಿನಿಮಾದಲ್ಲಿ ಮಾತ್ರಾನಾ, ಟಿವಿ ಎಲ್ಲಿ ಇಟ್ಟಿದ್ದೀರಿ, ಯಾವ ಸೌಂಡ್ ಮೋಡಲ್ಲಿದೆ — ಇವು ಯಾವುದನ್ನೂ ಯಾರೂ ಕೇಳೋದಿಲ್ಲ. ಜ್ವರ ಅಂತ ಹೋದವನಿಗೆ ನಾಡಿ ಹಿಡಿಯದೇ ಡ್ರಿಪ್ ಹಾಕಿದ ಹಾಗೆ.

ಮನೆಯಲ್ಲಿ ಇನ್ನೊಂದು ಉತ್ತರ ರೆಡಿ ಇರುತ್ತೆ: "ಅಜ್ಜಿಗೆ ಕಿವಿ ಮಂದ ಆಗಿದೆ." ಅಜ್ಜಿ ವಾಲ್ಯೂಮ್ ಜಾಸ್ತಿ ಮಾಡು ಅಂತಾಳೆ, ಓದ್ತಾ ಕೂತ ಮೊಮ್ಮಗ ಕಮ್ಮಿ ಮಾಡು ಅಂತಾನೆ, ರಿಮೋಟು ಕೈಯಿಂದ ಕೈಗೆ ಹೋಗ್ತಾ ಇರುತ್ತೆ. ಕೊನೆಗೆ ಸೋಲೋದು ಯಾವಾಗ್ಲೂ ಅಜ್ಜಿನೇ. ಸೀರಿಯಲ್ಲಿನ ಕತೆಯನ್ನ ಮುಖ ನೋಡಿ ಊಹೆ ಮಾಡ್ಕೊಂಡು ಸುಮ್ಮನೆ ಕೂರ್ತಾಳೆ.

ಈ ಎರಡು ಉತ್ತರಗಳ ವಿರುದ್ಧ ಈ ಬರಹ. ಬಹಳಷ್ಟು ಮನೆಗಳಲ್ಲಿ ತಪ್ಪು ಇರೋದು ಕಿವಿಯಲ್ಲೂ ಅಲ್ಲ, ಸ್ಪೀಕರಿನಲ್ಲೂ ಪೂರ್ತಿ ಅಲ್ಲ. ಟಿವಿ ಫ್ಯಾಕ್ಟರಿಯಿಂದ ಬರುವಾಗ ಯಾವ ಸೆಟ್ಟಿಂಗಿನಲ್ಲಿ ಬಂತೋ ಅದರಲ್ಲೇ ಉಳಿದಿರೋದರಲ್ಲಿ. ನಾನು ಟಿವಿ ಕಂಪನಿಯಲ್ಲಿ ಕೆಲಸ ಮಾಡೋನಲ್ಲ. ಆದರೆ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯೋನಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಡಿಫಾಲ್ಟ್ ಅನ್ನೋದು ಸುಮ್ಮನೆ ಮೊದಲು ಕಾಣೋ ಆಯ್ಕೆ ಅಲ್ಲ, ಅದೇ ಕೊನೆಯ ತೀರ್ಮಾನ. ಹೆಚ್ಚಿನ ಜನ ಅದನ್ನ ಮುಟ್ಟೋದೇ ಇಲ್ಲ.

ಮಾತು ಅಂದರೆ ಏನು ಅನ್ನೋದರಿಂದ ಶುರು ಮಾಡೋಣ. ಹಾಲು, ಸಾಲು, ಕಾಲು, ಪಾಲು. ನಾಲ್ಕೂ ಪದಗಳಲ್ಲಿ ಬೇರೆಯಾಗಿರೋದು ಮೊದಲ ವ್ಯಂಜನ ಮಾತ್ರ. ಸ್ವರಗಳಲ್ಲಿ ಶಕ್ತಿ ಜಾಸ್ತಿ, ಅವು ದೂರಕ್ಕೆ ಕೇಳುತ್ತವೆ. ಅವುಗಳ ಬಲ ಬಹುಪಾಲು 1,000 ಹರ್ಟ್ಜ್‌ನ ಕೆಳಗಿರುತ್ತೆ. ಆದರೆ ಯಾವ ಪದ ಅಂತ ತಿಳಿಸೋ ವ್ಯಂಜನಗಳ ಗುರುತು ಇರೋದು ಬಹುಮಟ್ಟಿಗೆ 2,000ದಿಂದ 4,000 ಹರ್ಟ್ಜ್ ಸುತ್ತ. 'ಸ'ಕಾರ ಅದಕ್ಕಿಂತ ಮೇಲಕ್ಕೂ ಹೋಗುತ್ತೆ. ಅವು ಸಣ್ಣ ಸದ್ದುಗಳು, ಬೇಗ ಮುಚ್ಚಿಹೋಗುತ್ತವೆ. ವಯಸ್ಸಾದಂತೆ ಕಿವಿ ಮೊದಲು ಕಳಕೊಳ್ಳೋದೂ ಈ ಮೇಲಿನ ಭಾಗವನ್ನೇ. ಅದಕ್ಕೇ ಅಜ್ಜಿ "ಸದ್ದು ಬರ್ತಿದೆ, ಮಾತು ಗೊತ್ತಾಗ್ತಿಲ್ಲ" ಅನ್ನೋದು. "ಸಾಲ ತೀರ್ತು" ಅಂದದ್ದು "ಕಾಲ ತೀರ್ತು" ಅಂತ ಕೇಳಿದರೆ ಕತೆಯೇ ಬೇರೆ ಆಗಲ್ವೇ? ಇಂಥ ಕಡೆ ವಾಲ್ಯೂಮ್ ಏರಿಸಿದರೆ ಸ್ವರ, ಸಂಗೀತ, ಗುಂಯ್‌ಗುಡುವಿಕೆ ಎಲ್ಲವೂ ಒಟ್ಟಿಗೆ ಏರುತ್ತವೆ. ವ್ಯಂಜನ ಮುಚ್ಚಿದ್ದು ಮುಚ್ಚಿದ ಹಾಗೇ ಇರುತ್ತೆ.

ಟಿವಿಯೊಳಗೆ ಇದಕ್ಕೆ ಮೂರು ಮದ್ದು ಇವೆ. ಈಕ್ವಲೈಸರ್, ಮಾತನ್ನು ಎತ್ತಿ ಕೊಡುವ ಡೈಲಾಗ್ ಸೌಲಭ್ಯ, ಮತ್ತೆ ನೈಟ್ ಮೋಡ್. ಮೂರೂ ಬೇರೆ ಬೇರೆ ರೋಗಕ್ಕೆ. ಆದರೆ ಕಂಪನಿಗಳು ಇವುಗಳಿಗೆ ಇಟ್ಟಿರೋ ಹೆಸರು ನೋಡಿ. ಎಲ್‌ಜಿಯಲ್ಲಿ Clear Voice, ಸ್ಯಾಮ್‌ಸಂಗ್‌ನಲ್ಲಿ Amplify, ಸೋನಿಯಲ್ಲಿ Voice Zoom, ಆಪಲ್ ಟಿವಿ ಪೆಟ್ಟಿಗೆಯಲ್ಲಿ Reduce Loud Sounds. ಇದರಲ್ಲಿ ಯಾವುದು ಯಾವ ರೋಗಕ್ಕೆ ಅಂತ ಹೆಸರು ನೋಡಿ ಹೇಳೋಕೆ ನನಗೇ ಒಂದು ನಿಮಿಷ ಬೇಕು. ಅಮ್ಮಂದಿರ ಪಾಡು ಹೇಳೋದೇ ಬೇಡ.

ಹೆಸರು ಮರೆತುಬಿಡಿ, ರೋಗ ಹಿಡಿಯಿರಿ. ಅದಕ್ಕೆ ಸುಲಭವಾದ ದಾರಿ ಒಂದಿದೆ. ಮೊದಲು ಒಬ್ಬರೇ ಕೂತು ಓದುವ ವಾರ್ತೆ ಹಾಕಿ, ಹಿನ್ನೆಲೆ ಸಂಗೀತ ಇಲ್ಲದ್ದು. ಅಲ್ಲೂ ಮಾತು ಮಂಕಾಗಿದ್ದರೆ ದೋಷ ಸ್ವರದ ಬಣ್ಣದಲ್ಲಿದೆ ಅಥವಾ ಟಿವಿ ಇಟ್ಟ ಜಾಗದಲ್ಲಿದೆ, ಅದಕ್ಕೆ ಈಕ್ವಲೈಸರ್. ವಾರ್ತೆ ಸ್ಪಷ್ಟ, ಸೀರಿಯಲ್ ಸಿನಿಮಾದಲ್ಲಿ ಮಾತ್ರ ಮಾತು ಸಂಗೀತದಡಿ ಮುಳುಗುತ್ತೆ ಅಂದರೆ ಡೈಲಾಗ್ ಸೌಲಭ್ಯ. ಮಾತು ಸ್ಪಷ್ಟವೇ ಇದೆ, ಆದರೆ ಫೈಟ್ ಬಂದಾಗ ವಾಲ್ಯೂಮ್ ಇಳಿಸಬೇಕು, ಪಿಸುಮಾತಿಗೆ ಏರಿಸಬೇಕು, ರಿಮೋಟ್ ಕೈಬಿಡೋ ಹಾಗಿಲ್ಲ ಅಂದರೆ ನೈಟ್ ಮೋಡ್. ಒಂದು ರೋಗಕ್ಕೆ ಇನ್ನೊಂದರ ಮದ್ದು ಕೊಟ್ಟರೆ ಕೆಲಸ ಮಾಡಲ್ಲ. ಎಷ್ಟೋ ಜನ ನೈಟ್ ಮೋಡ್ ಹಾಕಿ "ಏನೂ ಪ್ರಯೋಜನ ಇಲ್ಲ" ಅಂತ ಸೌಂಡ್‌ಬಾರ್ ತರೋದು ಹೀಗೇನೇ.

ಒಂದು ಮನೆಯ ಲೆಕ್ಕ ಪೂರ್ತಿ ಹೇಳ್ತೀನಿ. ಊರಿನಲ್ಲಿ ನಮ್ಮ ಮನೆ. ಹಾಲ್ 12 ಅಡಿ, 16 ಅಡಿ. ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್, ಗೋಡೆ ಬೋಳು, ಕಿಟಕಿಗೆ ತೆಳು ಪರದೆ. 43 ಇಂಚಿನ ಟಿವಿ ಶೋಕೇಸಿನ ಗೂಡಿನೊಳಗೆ, ಹಿಂದಕ್ಕೆ ತಳ್ಳಿ ಇಟ್ಟದ್ದು. ಅಡಿಯಲ್ಲಿ ಕಸೂತಿ ಹಾಕಿದ ದಪ್ಪ ಬಟ್ಟೆ. ಅಮ್ಮ ಕೂರೋದು 11 ಅಡಿ ದೂರದ ದಿವಾನದ ಮೇಲೆ, ತಲೆಯ ಮೇಲೆ ಫ್ಯಾನು. ವಾಲ್ಯೂಮ್ 45ರಲ್ಲಿ ಇರುತ್ತಿತ್ತು, ಆದರೂ ಅವರಿಗೆ ಮಾತು ಹಿಡಿಯುತ್ತಿರಲಿಲ್ಲ. ಅಂಗಡಿಯವರು ಸೌಂಡ್‌ಬಾರ್‌ನ ಕೊಟೇಶನ್ನೂ ಕೊಟ್ಟಾಗಿತ್ತು.

ಮೊದಲು ನೋಡಿದ್ದು ಸೆಟ್ ಟಾಪ್ ಬಾಕ್ಸ್. ಅದಕ್ಕೆ ತನ್ನದೇ ವಾಲ್ಯೂಮ್ ಇದೆ ಅನ್ನೋದು ಬಹಳ ಜನಕ್ಕೆ ನೆನಪಿರಲ್ಲ. ನಮ್ಮನೇಲಿ ಅದು ಅರ್ಧದಲ್ಲಿ ನಿಂತಿತ್ತು. ಬಾಕ್ಸು ಪಿಸುಗುಟ್ಟಿದ್ದನ್ನ ಟಿವಿ ಕೂಗಿ ಹೇಳೋ ಪರಿಸ್ಥಿತಿ. ಬಾಕ್ಸಿನದನ್ನ ಹೆಚ್ಚುಕಮ್ಮಿ ಪೂರ್ತಿ ಏರಿಸಿ ಅಲ್ಲೇ ಬಿಟ್ಟು, ಇನ್ನು ಮುಂದೆ ಟಿವಿ ರಿಮೋಟಿನಲ್ಲಿ ಮಾತ್ರ ಏರಿಳಿಸಿ ಅಂತ ಹೇಳಿದೆ.

ಎರಡನೆಯದು ಜಾಗ. ಈಗಿನ ಹೆಚ್ಚಿನ ಟಿವಿಗಳ ಸ್ಪೀಕರ್ ಮುಖ ಮಾಡಿರೋದು ಕೆಳಕ್ಕೆ. ಹಳೆಯ ಡಬ್ಬಾ ಟಿವಿಯಲ್ಲಿ ಸ್ಪೀಕರ್ ನಿಮ್ಮ ಕಡೆ ನೋಡ್ತಿತ್ತು, ಹಿಂದೆ ದೊಡ್ಡ ಪೆಟ್ಟಿಗೆಯೂ ಇತ್ತು. ಈಗ ಸದ್ದು ಕೆಳಗಿನ ಹಲಗೆಗೆ ಬಡಿದು ಮುಂದಕ್ಕೆ ಬರಬೇಕು. ಹಲಗೆ ಮೇಲೆ ದಪ್ಪ ಬಟ್ಟೆ ಇದ್ದರೆ ಅದು ಮೊದಲು ನುಂಗೋದು ಮೇಲಿನ ಸಣ್ಣ ಸದ್ದುಗಳನ್ನೇ, ಅಂದರೆ ವ್ಯಂಜನಗಳನ್ನೇ. ಇತ್ತ ಗೂಡಿನೊಳಗೆ ಕೆಳಗಿನ ಸದ್ದು ಮಡಕೆಯೊಳಗೆ ಮಾತಾಡಿದ ಹಾಗೆ ಊದಿಕೊಳ್ಳುತ್ತೆ. ಬಟ್ಟೆ ತೆಗೆದು, ಟಿವಿಯ ಮುಂಭಾಗ ಹಲಗೆಯ ಅಂಚಿಗೆ ಬರೋ ಹಾಗೆ ಎಳೆದೆ. ಕಸೂತಿ ಬಟ್ಟೆಗೆ ಫ್ರಿಜ್ಜಿನ ಮೇಲೆ ಜಾಗ ಸಿಕ್ತು. ಅಮ್ಮನಿಗೆ ಸ್ವಲ್ಪ ಬೇಜಾರಾಯ್ತು, ಇರ್ಲಿ.

ಮೂರನೆಯದು ಮೆನು. ಸೌಂಡ್ ಮೋಡ್ ಸಿನಿಮಾದಲ್ಲಿತ್ತು, ಸರೌಂಡ್ ಆನ್ ಆಗಿತ್ತು. ಎರಡೇ ಸ್ಪೀಕರಿನಿಂದ ಸುತ್ತಲೂ ಸದ್ದು ಬಂದ ಭ್ರಮೆ ಹುಟ್ಟಿಸೋಕೆ ಈ ಸರೌಂಡ್ ಎಡ ಬಲದ ವ್ಯತ್ಯಾಸವನ್ನು ಹಿಗ್ಗಿಸುತ್ತೆ. ಮಾತು ಇರೋದು ನಡುವೆ, ಎರಡೂ ಕಡೆ ಸಮನಾಗಿ. ವ್ಯತ್ಯಾಸ ಹಿಗ್ಗಿದರೆ ಮೇಲೇಳೋದು ಸಂಗೀತ, ಹಿಂದೆ ಸರಿಯೋದು ಮಾತು. ಆಫ್ ಮಾಡಿದೆ, ಮೋಡನ್ನ Standardಗೆ ತಂದೆ.

ಆಮೇಲೆ ಈಕ್ವಲೈಸರ್. ಆ ಟಿವಿಯಲ್ಲಿ ಐದು ಪಟ್ಟಿ ಇದ್ದವು, ಎಲ್ಲ ಸೊನ್ನೆಯಲ್ಲಿ. ಕೊನೆಗೆ ನಿಂತದ್ದು ಹೀಗೆ:

```
100 Hz   -6
300 Hz   -3
1 kHz     0
3 kHz    +3
10 kHz    0
```

ಇಲ್ಲಿ ಗಮನಿಸಬೇಕಾದ್ದು, ಏರಿಸಿದ್ದಕ್ಕಿಂತ ಇಳಿಸಿದ್ದು ಜಾಸ್ತಿ. ಇದಕ್ಕೆ ಕಾರಣ ಇದೆ. ಟಿವಿ ಡಬ್ಬದ ಮೇಲೆ 20 ವ್ಯಾಟ್ ಅಂತ ಇದ್ದರೆ ಸಾಮಾನ್ಯವಾಗಿ ಒಂದೊಂದು ಕಡೆಗೆ 10 ವ್ಯಾಟ್ ಅಂತ ಅರ್ಥ. ಬೇಸನ್ನ 6 ಡೆಸಿಬಲ್ ಏರಿಸಿದರೆ ಆ ಭಾಗಕ್ಕೆ ನಾಲ್ಕು ಪಟ್ಟು ಶಕ್ತಿ ಬೇಕು. ಜೋರು ದೃಶ್ಯದಲ್ಲಿ ಆಗಲೇ 5 ವ್ಯಾಟ್ ತಿನ್ನುತ್ತಿದ್ದದ್ದು 20 ಕೇಳುತ್ತೆ, ಇರೋದು 10. ಆಗ ಟಿವಿ ತನ್ನ ಪುಟ್ಟ ಸ್ಪೀಕರ್ ಒಡೆಯದಿರಲಿ ಅಂತ ಸದ್ದನ್ನು ಒತ್ತಿ ಹಿಡಿಯುತ್ತೆ. ಹಾಗೆ ಒತ್ತುವಾಗ ಬೇಸ್ ಜತೆಗೆ ಮಾತೂ ಕೆಳಗೆ ಹೋಗುತ್ತೆ. ಡೊಳ್ಳು ಬಡಿದಾಗಲೆಲ್ಲ ಮಾತು ಮುಳುಗಿ ಏಳ್ತಿದ್ದರೆ ಇದೇ ಆಗ್ತಿದೆ ಅಂತ ತಿಳ್ಕೊಳ್ಳಿ. ಅಲ್ಲದೆ ಅಂಥ ಸ್ಪೀಕರಿನಿಂದ 100 ಹರ್ಟ್ಜ್ ಸದ್ದು ನೆಟ್ಟಗೆ ಹೊರಡೋದೇ ಕಷ್ಟ. ಬರದೇ ಇರೋ ಬೇಸಿಗಾಗಿ ಇರೋ ಮಾತನ್ನ ಬಲಿ ಕೊಡೋದು ಯಾವ ನ್ಯಾಯ?

3 kHz ಪಟ್ಟಿಯನ್ನ ನಾನು ಮೊದಲು +5ಕ್ಕೆ ಇಟ್ಟು ನೋಡಿದೆ. ವಾರ್ತೆ ಓದೋರು 'ಸ', 'ಶ' ಅಂದಾಗಲೆಲ್ಲ ಸೂಜಿ ಚುಚ್ಚಿದ ಹಾಗೆ ಆಯ್ತು. ಅದೇ ಗುರುತು, ಮಿತಿ ದಾಟಿದೆ ಅಂತ. +3ಕ್ಕೆ ಇಳಿಸಿದ ಮೇಲೆ ಚುಚ್ಚೋದು ನಿಂತಿತು. ಇದೇ ಅಂಕಿಗಳನ್ನ ನಿಮ್ಮ ಟಿವಿಯಲ್ಲಿ ಕಣ್ಮುಚ್ಚಿ ಹಾಕಬೇಡಿ. ಕೆಲವು ಟಿವಿಯಲ್ಲಿ ಆ ಅಂಕಿ ಡೆಸಿಬಲ್ಲೂ ಅಲ್ಲ, ಬರೀ ಮೆಟ್ಟಿಲು. ದಾರಿ ಮಾತ್ರ ಒಂದೇ. ಮೊದಲು ಕೆಳಗಿನದನ್ನು ಇಳಿಸಿ, ಮಾತಿನ ಗುಂಯ್ ಹೋದ ಕಡೆ ನಿಲ್ಲಿಸಿ. ಆಮೇಲೆ 3 kHz ಅನ್ನ ಒಂದೊಂದೇ ಮೆಟ್ಟಿಲು ಏರಿಸಿ, 'ಸ'ಕಾರ ಚುಚ್ಚೋಕೆ ಶುರುವಾದ ಕೂಡಲೇ ಒಂದೆರಡು ಮೆಟ್ಟಿಲು ಹಿಂದಕ್ಕೆ ಬನ್ನಿ. ಕೆಲವು ಟಿವಿಗಳಲ್ಲಿ ಈಕ್ವಲೈಸರ್ ಒಂದು ಮೋಡಿನಲ್ಲಿ ಮಾತ್ರ ತೆರೆಯುತ್ತೆ. ಬೂದು ಬಣ್ಣದಲ್ಲಿ ಕಂಡು ಒತ್ತೋಕೆ ಬರದಿದ್ದರೆ ಸೌಂಡ್ ಮೋಡ್ ಬದಲಿಸಿ ನೋಡಿ.

ಇಷ್ಟಾದ ಮೇಲೆ ಫ್ಯಾನ್ ಓಡ್ತಿದ್ದಾಗಲೂ ವಾಲ್ಯೂಮ್ 28ಕ್ಕೆ ಸಾಕಾಯ್ತು. ಅದರಲ್ಲಿ ಒಂದು ಪಾಲು ಬಾಕ್ಸಿನ ವಾಲ್ಯೂಮ್ ಏರಿಸಿದ್ದರದ್ದು, ಒಪ್ಪುತ್ತೀನಿ. ಆದರೆ 45ರಲ್ಲಿ ಸಿಗದ ಮಾತು ಈಗ ಸಿಕ್ಕಿತಲ್ಲ, ಅದು ಬಾಕ್ಸಿನಿಂದ ಬಂದದ್ದಲ್ಲ. "ಈಗ ಅವಳು ಏನಂತಾಳೆ ಅಂತ ಗೊತ್ತಾಗುತ್ತೆ ಕಣಪ್ಪ. ಆದ್ರೆ ಹಾಡು ಮೊದಲಿನಷ್ಟು ಗಡುಸಾಗಿಲ್ಲ" ಅಂದ್ರು ಅಮ್ಮ. ಎರಡೂ ನಿಜ. ಬೇಸ್ ಕಳೆದರೆ ಸದ್ದು ತೆಳುವಾಗುತ್ತೆ, ಅದೇ ಇದರ ಬೆಲೆ. ಮಾತು ಬೇಕೋ ಗಡುಸು ಬೇಕೋ ಅನ್ನೋದನ್ನ ನೋಡೋರು ತೀರ್ಮಾನ ಮಾಡ್ಲಿ. ಕಂಪನಿಯೋರು ಶೋರೂಮಿನ ಗದ್ದಲದಲ್ಲಿ ಎರಡು ನಿಮಿಷ ಕೇಳೋ ಗಿರಾಕಿಗೆ ಅಂತ ಮಾಡಿಟ್ಟ ತೀರ್ಮಾನ ನಮ್ಮ ಹಾಲಿಗೆ ಯಾಕೆ?

ಇನ್ನು ಡೈಲಾಗ್ ಸೌಲಭ್ಯ. ಇದನ್ನ ಎಲ್ಲರೂ ಮೊದಲು ಒತ್ತುತ್ತಾರೆ. ನಾನು ಕೊನೆಗೆ ಒತ್ತಿ ಅಂತೀನಿ. ಸಿನಿಮಾ 5.1 ಸದ್ದಿನಲ್ಲಿ ಬಂದಾಗ ಮಾತಿನ ಬಹುಪಾಲು ಮಧ್ಯದ ಚಾನೆಲ್ಲಿನಲ್ಲಿ ಬೇರೆಯಾಗಿಯೇ ಇರುತ್ತೆ. ಎರಡೇ ಸ್ಪೀಕರ್ ಇರೋ ಟಿವಿ ಅದನ್ನ ಕೂಡಿಸಿ ಎರಡು ಮಾಡುವಾಗ ರೂಢಿಯ ಲೆಕ್ಕ, ಮಧ್ಯದ ಚಾನೆಲ್ಲನ್ನ 0.707ರಿಂದ ಗುಣಿಸಿ ಎಡಕ್ಕೂ ಬಲಕ್ಕೂ ಸೇರಿಸೋದು. ಸುತ್ತಲಿನ ಚಾನೆಲ್ಲುಗಳ ಮಳೆ, ಗಾಳಿ, ಜನರ ಗಲಾಟೆನೂ ಅದೇ ಎರಡು ಸ್ಪೀಕರಿಗೆ ಬಂದು ಬೀಳುತ್ತೆ. ನಾಲ್ಕು ದಿಕ್ಕಿನಿಂದ ಬರಬೇಕಾದದ್ದು ಒಂದೇ ಬಾಗಿಲಲ್ಲಿ ನುಗ್ಗಿದರೆ ಮಾತಿಗೆ ಜಾಗ ಎಲ್ಲಿ? ಡೈಲಾಗ್ ಸೌಲಭ್ಯ ಮಧ್ಯದ್ದನ್ನು ಎತ್ತಿ, ಉಳಿದದ್ದನ್ನು ತಗ್ಗಿಸುತ್ತೆ. ಇಂಥ ಕಡೆ ಅದು ನಿಜವಾಗಲೂ ಕೆಲಸ ಮಾಡುತ್ತೆ. ಹಾಗೆಯೇ ಒಟಿಟಿ ಆ್ಯಪಿನ ಆಡಿಯೋ ಪಟ್ಟಿಯಲ್ಲಿ 5.1 ಮತ್ತು ಸ್ಟೀರಿಯೋ ಎರಡೂ ಇದ್ದರೆ ಸ್ಟೀರಿಯೋ ಹಾಕಿ ಹೋಲಿಸಿ ನೋಡಿ. ಟಿವಿ ಸ್ಪೀಕರಿಗೆ ಎಷ್ಟೋ ಸಲ ಅದೇ ವಾಸಿ.

ಆದರೆ ಸೀರಿಯಲ್ಲುಗಳ ಕತೆ ಬೇರೆ. ಅಲ್ಲಿ ಬಾಕ್ಸಿನಿಂದ ಬರೋದು ಸಾಮಾನ್ಯವಾಗಿ ಆಗಲೇ ಬೆರೆತ ಸದ್ದು. ಸಂಗೀತವೂ ಮಾತೂ ಎರಡೂ ನಡುವೆಯೇ ಕೂತಿದ್ದರೆ, ಮಧ್ಯವನ್ನು ಎತ್ತುವ ಸೌಲಭ್ಯ ಎರಡನ್ನೂ ಎತ್ತುತ್ತೆ. ಅಕ್ಕಿಗೆ ಬೆರೆತ ಕಲ್ಲನ್ನ ಮೊರದಲ್ಲಿ ಕೇರಿ ತೆಗೀಬಹುದು, ಪಾಯಸಕ್ಕೆ ಬೆರೆತ ಸಕ್ಕರೆ ತೆಗೆಯೋದು ಹೇಗೆ? ಧ್ವನಿಯ ಗುಣವನ್ನೇ ಗುರುತಿಸಿ ಬೇರ್ಪಡಿಸೋ ಹೊಸ ಟಿವಿಗಳು ಸ್ವಲ್ಪ ಮುಂದಿವೆ, ಆದರೆ ಅವೂ ಜಾಸ್ತಿ ಮಾಡಿದರೆ ಮಾತು ತಗಡಿನ ಡಬ್ಬಿಯಿಂದ ಬಂದ ಹಾಗೆ ಆಗುತ್ತೆ. ಮಟ್ಟಗಳಿದ್ದರೆ ಅತಿ ಕಡಿಮೆಯದ್ದರಲ್ಲಿ ಶುರು ಮಾಡಿ. ಈಕ್ವಲೈಸರಿನಲ್ಲಿ 3 kHz ಆಗಲೇ ಏರಿಸಿದ್ದರೆ ಇನ್ನೂ ಎಚ್ಚರ. ಬಹಳಷ್ಟು ಟಿವಿಯ ಡೈಲಾಗ್ ಮೋಡ್ ಕೂಡ ಅದೇ ಜಾಗವನ್ನು ಏರಿಸುತ್ತೆ, ಎರಡೂ ಕೂಡಿದರೆ ಕಿವಿ ಉರಿಯುತ್ತೆ. ನಮ್ಮನೇಲಿ ಕೊನೆಗೆ ಇದನ್ನ ಆಫ್ ಮಾಡಿಯೇ ಬಿಟ್ಟೆವು.

ಮೂರನೆಯ ಮದ್ದು ನೈಟ್ ಮೋಡ್. ಇದು ಮಾತನ್ನು ಹುಡುಕೋದಿಲ್ಲ. ಜೋರಾದದ್ದನ್ನ ಒತ್ತಿ, ಮೆಲ್ಲಗಿದ್ದದ್ದನ್ನ ಎತ್ತುತ್ತೆ, ಅಷ್ಟೇ. ಲೆಕ್ಕಕ್ಕೆ ಮಾತು 60 ಡೆಸಿಬಲ್, ಫೈಟ್ 85 ಅಂತ ಇಟ್ಟುಕೊಳ್ಳೋಣ. 10 ಡೆಸಿಬಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನಿಸುತ್ತೆ. 25 ಅಂದರೆ ಐದಾರು ಪಟ್ಟು. 60ರ ಮೇಲಿನದನ್ನೆಲ್ಲ ಮೂರರಲ್ಲಿ ಒಂದು ಪಾಲಿಗೆ ಕುಗ್ಗಿಸಿದರೆ ಆ 25 ಎಂಟಾಗುತ್ತೆ, ಫೈಟ್ 68ಕ್ಕೆ ಬಂದು ನಿಲ್ಲುತ್ತೆ. ಪಕ್ಕದ ಕೋಣೆಯ ಮಗು ಏಳಲ್ಲ. ರಾತ್ರಿ ಹತ್ತರ ಮೇಲೆ ಸಿನಿಮಾ ನೋಡೋರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಆದರೆ ಹಗಲು ಹೊತ್ತು ಅದನ್ನ ಹಾಗೇ ಬಿಟ್ಟರೆ? ಯಕ್ಷಗಾನ ಹಾಕಿ ನೋಡಿ. ಚಂಡೆಯ ಪೆಟ್ಟು ಬಿದ್ದಾಗಲೆಲ್ಲ ಟಿವಿ ಒಟ್ಟು ಸದ್ದನ್ನು ಒತ್ತುತ್ತೆ, ಅದರ ಜತೆ ಭಾಗವತರ ದನಿಯೂ ಕುಸಿಯುತ್ತೆ, ಪೆಟ್ಟು ಮುಗಿದ ಮೇಲೆ ಮತ್ತೆ ಏಳುತ್ತೆ. ದನಿ ಉಸಿರಾಡಿದ ಹಾಗೆ ಕೇಳುತ್ತೆ. ಚಂಡೆಯ ಹೊಡೆತದ ಬಿರುಸೂ ಹೋಗಿ ಬರೀ ಟಪಟಪ ಉಳಿಯುತ್ತೆ. ಮಾತಿನ ನಡುವಿನ ಮೌನದಲ್ಲಿ ಹಿನ್ನೆಲೆಯ ಸುಂಯ್ ಸದ್ದು ಮೇಲೇಳುತ್ತಿದ್ದರೆ ಅದೂ ಇದರದ್ದೇ ಕೆಲಸ. ಕೆಲವು ಸಲ ಆ್ಯಪಿನಲ್ಲಿ ಒಂದು, ಬಾಕ್ಸಿನಲ್ಲಿ ಒಂದು, ಟಿವಿಯಲ್ಲಿ ಒಂದು, ಹೀಗೆ ಮೂರು ಕಡೆ ಇದು ಆನ್ ಆಗಿರುತ್ತೆ. ಹಿಂಡಿದ್ದನ್ನೇ ಮತ್ತೆ ಹಿಂಡಿದರೆ ಏನು ಉಳಿಯುತ್ತೆ? ಒಂದೇ ಕಡೆ ಇಟ್ಟುಕೊಳ್ಳಿ.

ಹಾಗಾದ್ರೆ ಸೌಂಡ್‌ಬಾರ್ ದಂಡ ಅಂತೀಯಾ ಅಂತ ಕೇಳಬಹುದು. ಇಲ್ಲ. ಹಾಡು ಗಡುಸಾಗಿ ಬೇಕು, ಹಾಲ್ ದೊಡ್ಡದು, ಮನೆ ತುಂಬ ಜನ ಅಂದರೆ ಯಾವ ಸೆಟ್ಟಿಂಗೂ ಪುಟ್ಟ ಸ್ಪೀಕರನ್ನ ದೊಡ್ಡದು ಮಾಡಲ್ಲ, ಧಾರಾಳವಾಗಿ ತಗೊಳ್ಳಿ. ಎದುರಿಗೆ ಕೂತು ಮಾತಾಡಿದರೂ ಹಿರಿಯರು "ಏನಂದೆ?" ಅಂತ ಮತ್ತೆ ಮತ್ತೆ ಕೇಳ್ತಿದ್ದರೆ ಅದು ಟಿವಿಯ ವಿಷಯವೇ ಅಲ್ಲ, ಕಿವಿ ಪರೀಕ್ಷೆ ಮಾಡಿಸಿ. ನನ್ನ ತಕರಾರು ಇರೋದು ಈ ಎರಡೂ ಅಲ್ಲದ ಮನೆಗಳ ಬಗ್ಗೆ. ಅಲ್ಲಿಗೆ ನಮ್ಮಂಥ ಓದಿದ ಮಕ್ಕಳು ಹಬ್ಬಕ್ಕೆ ಹೋಗ್ತೀವಿ, ಸೌಂಡ್‌ಬಾರ್ ಸಿಕ್ಕಿಸ್ತೀವಿ, ಎರಡನೇ ರಿಮೋಟು ಕೈಗೆ ಕೊಟ್ಟು ರಾತ್ರಿ ಬಸ್ ಹತ್ತುತ್ತೀವಿ. ಮೂರು ತಿಂಗಳಿಗೆ ಕೇಬಲ್ ಸಡಿಲ ಆಗುತ್ತೆ, ಇಲ್ಲ ಟಿವಿ ಔಟ್‌ಪುಟ್ ಬದಲಾಗುತ್ತೆ. ಅದು ಧೂಳು ಹಿಡಿದು ಟಿವಿಯ ಕೆಳಗೆ ಮಲಗಿರುತ್ತೆ. ಕೆಳಕ್ಕೆ ನೋಡೋ ಸ್ಪೀಕರಿಗೆ ಇನ್ನೊಂದು ಅಡ್ಡ!

ತಯಾರಕರಿಗೂ ಒಂದು ಮಾತು. ಒಟಿಟಿಗೆ ರಿಮೋಟಿನಲ್ಲಿ ನಾಲ್ಕು ನಾಲ್ಕು ಬಟನ್ ಇಡೋಕೆ ಜಾಗ ಇದೆ. ಮಾತು ಸ್ಪಷ್ಟ ಮಾಡೋಕೆ ಒಂದು ಬಟನ್ ಇಡೋಕೆ ಜಾಗ ಇಲ್ವಾ? ನಾಲ್ಕು ಮೆನುವಿನ ಆಳದಲ್ಲಿ, ಇಂಗ್ಲಿಷ್ ಹೆಸರಿನಡಿ ಹೂತಿಟ್ಟ ಸೌಲಭ್ಯ, ಅದು ಬೇಕಾದೋರ ಪಾಲಿಗೆ ಇಲ್ಲದ್ದಕ್ಕೆ ಸಮ.

ಅದು ಬರೋವರೆಗೆ ಕೆಲಸ ನಮ್ಮದೇ. ಮುಂದಿನ ಸಲ ಊರಿಗೆ ಹೋದಾಗ ಅರ್ಧ ಗಂಟೆ ಎತ್ತಿಡಿ. ಬಾಕ್ಸ್ ವಾಲ್ಯೂಮ್ ಏರಿಸಿ, ಟಿವಿ ಮುಂದಕ್ಕೆ ಎಳೆಯಿರಿ, ಸರೌಂಡ್ ಆಫ್ ಮಾಡಿ, ವಾರ್ತೆ ಹಾಕಿಕೊಂಡು ಈಕ್ವಲೈಸರ್ ಹೊಂದಿಸಿ. ಮುಖ್ಯವಾದದ್ದು, ರಿಮೋಟು ನಿಮ್ಮ ಕೈಯಲ್ಲಿರಲಿ, ಕಿವಿ ಮಾತ್ರ ಅವರದಾಗಿರಲಿ. ನಿಮಗೆ ಚೆನ್ನಾಗಿ ಕೇಳೋದು ಲೆಕ್ಕಕ್ಕಿಲ್ಲ. ವಾರ್ತೆಯ ಒಂದು ವಾಕ್ಯ ಮುಗಿದ ಮೇಲೆ "ಏನಂದ್ರು ಹೇಳಿ" ಅಂತ ಅವರನ್ನ ಕೇಳಿ. ಪದ ಪದ ತಿರುಗಿ ಹೇಳಿದರೆ ಸೆಟ್ಟಿಂಗ್ ಸರಿಯಾಗಿದೆ. ಹೇಳಲಿಲ್ಲ ಅಂದ್ರೆ ಬಸ್ಸಿಗೆ ಇನ್ನೂ ಹೊತ್ತಿದೆ, ಕೂತ್ಕೊಳ್ಳಿ.